ಕ್ಲೈಂಟ್ ಮೌನವಾದಾಗ ಅಪ್‌ವರ್ಕ್‌ನಲ್ಲಿ ಸಿಕ್ಕಿಕೊಂಡ ಹಣ ಬಿಡಿಸಿಕೊಳ್ಳುವುದು ಹೇಗೆ?

ಫ್ರೀಲಾನ್ಸ್ ಕೆಲಸ ಮಾಡುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಕೆಲಸ ಮುಗಿಸಿ ಕಳಿಸಿಯಾಯಿತು. ಕ್ಲೈಂಟ್ ಉತ್ತರ ಕೊಡುತ್ತಿಲ್ಲ. ಒಪ್ಪಿಗೆಗೆ ಕೊಟ್ಟ 14 ದಿನ ಕಳೆದರೂ ಹಣ ಬಂದಿಲ್ಲ. ಕಂಪನಿಗೆ ಏನೆಂದು ಬರೆಯಲಿ?"

ಬರೆಯುವ ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ನಿಮ್ಮ ಕೆಲಸ ಚೆನ್ನಾಗಿತ್ತೋ ಇಲ್ಲವೋ, ಕ್ಲೈಂಟ್ ಒಳ್ಳೆಯವರೋ ಅಲ್ಲವೋ ಎಂದು ತೂಗಿ ನೋಡುವುದು ಸಹಾಯ ವಿಭಾಗದವರ ಕೆಲಸವಲ್ಲ. ಅವರು ನೋಡುವುದು ಎರಡೇ: ಹಣ ಮೊದಲೇ ಜಮೆಯಾಗಿತ್ತೇ, ಗಡುವಿನ ದಿನಗಳು ಸರಿಯಾಗಿ ಮುಗಿದಿವೆಯೇ. ಹಾಗಾಗಿ ನಿಮ್ಮ ಮನವಿ ದೂರಿನ ಪತ್ರದಂತಿರದೆ ದಿನಾಂಕಗಳ ಲೆಕ್ಕದಂತಿರಬೇಕು. ಲೆಕ್ಕ ಸರಿಯಿದ್ದರೆ ಹಣ ಹೆಚ್ಚಾಗಿ ತಾನಾಗಿಯೇ ಬರುತ್ತದೆ. ಲೆಕ್ಕ ತಪ್ಪಿದ್ದರೆ ಎಷ್ಟು ಉದ್ದದ ಪತ್ರ ಬರೆದರೂ ಬರುವುದಿಲ್ಲ.

ಒಂದೊಂದು ವೇದಿಕೆಯ ನಿಯಮ ಒಂದೊಂದು ತೆರ. ಫೈವರ್‌ನಲ್ಲಿ ಕೆಲಸ ತಲುಪಿಸಿದ ಮೇಲೆ ಕೊಳ್ಳುವವರು 3 ದಿನ ಸುಮ್ಮನಿದ್ದರೆ ಆರ್ಡರ್ ತಾನಾಗಿ ಮುಗಿಯುತ್ತದೆ. ಫ್ರೀಲಾನ್ಸರ್ ಡಾಟ್ ಕಾಮ್‌ನಲ್ಲಿ ಹಾಗೆ ತಾನಾಗಿ ಬಿಡುಗಡೆಯಾಗುವುದಿಲ್ಲ. ಕ್ಲೈಂಟ್ ಬಿಡಬೇಕು, ಇಲ್ಲವೇ ನೀವು ವಿವಾದ ಹೂಡಬೇಕು. ಈ ಲೇಖನ ಅಪ್‌ವರ್ಕ್‌ನ ನಿಗದಿತ ಮೊತ್ತದ ಒಪ್ಪಂದಗಳಿಗೆ ಮಾತ್ರ ಸಂಬಂಧಿಸಿದ್ದು. ಗಂಟೆ ಲೆಕ್ಕದ ಒಪ್ಪಂದಗಳಿಗೆ ವಾರದ ಬಿಲ್ಲಿನ ಬೇರೆ ಪದ್ಧತಿ ಇದೆ, ಅದನ್ನು ಇಲ್ಲಿ ಬೆರೆಸುವುದಿಲ್ಲ.

ಮೊದಲು ತಿಳಿದಿರಬೇಕಾದ ನಾಲ್ಕು ಪದಗಳು

ಮೈಲ್‌ಸ್ಟೋನ್ ಎಂದರೆ ಕೆಲಸದ ಒಂದು ಕಂತು. ಒಂದು ಒಪ್ಪಂದದಲ್ಲಿ ಒಂದೇ ಕಂತು ಇರಬಹುದು, ಐದಾರೂ ಇರಬಹುದು. ಪ್ರತಿ ಕಂತಿಗೂ ಅದರದೇ ಮೊತ್ತ ಇರುತ್ತದೆ.

ಎಸ್ಕ್ರೋ ಎಂದರೆ ನಡುವೆ ನಿಂತವರ ಕೈಯಲ್ಲಿಟ್ಟ ಹಣ. ಕ್ಲೈಂಟ್ ಆ ಕಂತಿನ ಮೊತ್ತವನ್ನು ಮೊದಲೇ ಕಟ್ಟುತ್ತಾರೆ. ಅದು ಅವರ ಜೇಬಿನಿಂದ ಹೊರಬಿದ್ದಿದೆ, ನಿಮ್ಮ ಜೇಬಿಗೆ ಇನ್ನೂ ಬಿದ್ದಿಲ್ಲ. ಹೀಗೆ ಕಟ್ಟಿದ ಕಂತನ್ನು ತೆರೆಯ ಮೇಲೆ Funded ಎಂದು ತೋರಿಸುತ್ತದೆ.

ಪರಿಶೀಲನಾ ಅವಧಿ 14 ದಿನ. ನೀವು ಕೆಲಸ ಒಪ್ಪಿಸಿದ ಮೇಲೆ ಕ್ಲೈಂಟ್ ಒಪ್ಪಿಗೆ ಕೊಡಬೇಕು, ಇಲ್ಲವೇ ತಿದ್ದುಪಡಿ ಕೇಳಬೇಕು. ಎರಡನ್ನೂ ಮಾಡದೆ ಸುಮ್ಮನಿದ್ದರೆ 14 ದಿನ ಮುಗಿದಾಗ ಹಣ ನಿಮ್ಮ ಕಡೆಗೆ ಬಿಡುಗಡೆಯಾಗುತ್ತದೆ.

ಭದ್ರತಾ ಅವಧಿ 5 ದಿನ. ಬಿಡುಗಡೆಯಾದ ಹಣವನ್ನು ಈ ಐದು ದಿನ ಮುಗಿಯುವವರೆಗೆ ಬ್ಯಾಂಕಿಗೆ ಕಳಿಸಿಕೊಳ್ಳಲು ಆಗುವುದಿಲ್ಲ. "14 ದಿನ ದಾಟಿದರೂ ಬಂದಿಲ್ಲ" ಎನ್ನುವವರಲ್ಲಿ ಹಲವರ ಹಣ ಈ ಐದು ದಿನಗಳಲ್ಲಿ ಕುಳಿತಿರುತ್ತದೆ.

ಒಂದು ಒಪ್ಪಂದವನ್ನು ಮುಂದಿಟ್ಟುಕೊಂಡು ನೋಡೋಣ

ನೀವು ಒಂದು ಆ್ಯಪ್‌ನ ಪರದೆ ಬರಹಗಳನ್ನು ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದಿಸುವ ಕೆಲಸ ಹಿಡಿದಿದ್ದೀರಿ ಎಂದುಕೊಳ್ಳಿ. ಒಟ್ಟು 300 ಡಾಲರ್, ಮೂರು ಮೈಲ್‌ಸ್ಟೋನ್. ಮೊದಲನೆಯದು 100 ಡಾಲರ್, ಅದು ಬಂದಾಗಿದೆ. ಎರಡನೆಯದು 120 ಡಾಲರ್, ಎಸ್ಕ್ರೋದಲ್ಲಿ ಜಮೆಯಾಗಿದೆ. ಮೂರನೆಯದು 80 ಡಾಲರ್, ಇನ್ನೂ ಕಟ್ಟಿಲ್ಲ. ಆದರೆ ಕ್ಲೈಂಟ್ "ಮುಂದುವರಿಸಿ" ಎಂದಿದ್ದಕ್ಕೆ ನೀವು ಅದರ ಅರ್ಧ ಕೆಲಸವನ್ನೂ ಮಾಡಿಬಿಟ್ಟಿದ್ದೀರಿ.

2025ರ ಮಾರ್ಚ್ 3ರಂದು ಎರಡನೇ ಕಂತಿನ ಕಡತವನ್ನು ಮೆಸೇಜ್‌ನಲ್ಲಿ ಕಳಿಸಿದಿರಿ. "ಸಿಕ್ಕಿತು, ನೋಡುತ್ತೇನೆ" ಎಂದು ಕ್ಲೈಂಟ್ ಉತ್ತರಿಸಿದರು. ಆಮೇಲೆ ಸದ್ದಿಲ್ಲ. ಮಾರ್ಚ್ 17 ಕಳೆಯಿತು, 19 ಕಳೆಯಿತು, ಹಣದ ಸುಳಿವಿಲ್ಲ. ಎಲ್ಲಿ ಎಡವಿದ್ದು ಎಂಬುದನ್ನು ಹಂತ ಹಂತವಾಗಿ ಹುಡುಕೋಣ.

1. ಹಣ ಈಗ ಯಾವ ಸಾಲಿನಲ್ಲಿದೆ ಎಂದು ನೋಡಿ

ಖಾತೆಯ ವರದಿ ಪುಟ ತೆರೆಯಿರಿ. ಅಲ್ಲಿ ನಿಮ್ಮ ಗಳಿಕೆ ನಾಲ್ಕು ಸಾಲುಗಳಲ್ಲಿ ಹಂಚಿಕೊಂಡಿರುತ್ತದೆ.

Work in progress ಎಂಬಲ್ಲಿದ್ದರೆ ಹಣ ಜಮೆಯಾಗಿದೆ, ಆದರೆ ನೀವು ಕೆಲಸವನ್ನು ಕ್ರಮಪ್ರಕಾರ ಒಪ್ಪಿಸಿಲ್ಲ ಎಂದರ್ಥ. In review ಎಂಬಲ್ಲಿದ್ದರೆ 14 ದಿನಗಳ ಗಡಿಯಾರ ಓಡುತ್ತಿದೆ. Pending ಎಂಬಲ್ಲಿದ್ದರೆ ಬಿಡುಗಡೆಯಾಗಿದೆ, ಐದು ದಿನಗಳ ಭದ್ರತಾ ಅವಧಿ ನಡೆಯುತ್ತಿದೆ. Available ಎಂದಿದ್ದರೆ ಹಣ ನಿಮ್ಮದು, ತೆಗೆದುಕೊಳ್ಳುವುದಷ್ಟೇ ಬಾಕಿ.

Pending ಎಂದಿದ್ದರೆ ಯಾರಿಗೂ ಬರೆಯುವ ಅಗತ್ಯವಿಲ್ಲ, ಕಾದರೆ ಸಾಕು. ನಮ್ಮ ಉದಾಹರಣೆಯಲ್ಲಿ ಮಾರ್ಚ್ 20ರಂದು ಪುಟ ತೆರೆದು ನೋಡಿದರೆ 120 ಡಾಲರ್ ಇರುವುದು Work in progress ಸಾಲಿನಲ್ಲಿ. ಎಡವಟ್ಟು ಏನೆಂದು ಅಲ್ಲಿಗೇ ಗೊತ್ತಾಗುತ್ತದೆ.

2. ಗುಂಡಿ ಒತ್ತಿ ಒಪ್ಪಿಸಿದ್ದೀರಾ, ಬರೀ ಮೆಸೇಜ್‌ನಲ್ಲಿ ಕಳಿಸಿದ್ದೀರಾ?

ಅತಿ ಹೆಚ್ಚು ಜನ ಜಾರುವ ಜಾಗ ಇದು, ಇಲ್ಲಿ ತುಸು ನಿಲ್ಲೋಣ.

ಕಡತವನ್ನು ಮೆಸೇಜ್‌ಗೆ ಅಂಟಿಸಿ ಕಳಿಸಿದರೆ ಗಡಿಯಾರ ಶುರುವಾಗುವುದಿಲ್ಲ. ಗೂಗಲ್ ಡ್ರೈವ್ ಕೊಂಡಿ ಕಳಿಸಿದರೂ ಇಲ್ಲ, ಇಮೇಲ್ ಮಾಡಿದರೂ ಇಲ್ಲ. "ಸಿಕ್ಕಿತು, ಚೆನ್ನಾಗಿದೆ" ಎಂದು ಕ್ಲೈಂಟ್ ಬರೆದಿದ್ದರೂ ಶುರುವಾಗುವುದಿಲ್ಲ. ಒಪ್ಪಂದದ ಪುಟದಲ್ಲಿ ಆ ಮೈಲ್‌ಸ್ಟೋನ್ ಮುಂದೆ ಇರುವ Submit Work for Payment ಗುಂಡಿಯನ್ನು ಒತ್ತಿ ಕೆಲಸ ಒಪ್ಪಿಸಿದ ಕ್ಷಣದಿಂದ ಮಾತ್ರ 14 ದಿನದ ಎಣಿಕೆ. ಕಾರಣ ಸರಳ. ಮೆಸೇಜ್‌ನಲ್ಲಿ ಹೋದ ಕಡತ ಕರಡೋ, ಮಾದರಿಯೋ, ಪೂರ್ತಿ ಕೆಲಸವೋ ಎಂದು ಕಂಪನಿಯ ವ್ಯವಸ್ಥೆಗೆ ತಿಳಿಯುವುದಿಲ್ಲ. ಗುಂಡಿ ಒತ್ತುವುದೆಂದರೆ "ಈ ಕಂತು ಮುಗಿಯಿತು, ಹಣ ಕೊಡಿ" ಎಂದು ನೀವು ದಾಖಲೆಗೆ ಬರೆದಂತೆ.

ಇನ್ನೂ ಒತ್ತಿಲ್ಲದಿದ್ದರೆ ಇಂದೇ ಒತ್ತಿ. ಸಹಾಯ ವಿಭಾಗಕ್ಕೆ ಈಗ ಬರೆದರೂ ಅವರು ಹೇಳುವುದು ಇದನ್ನೇ, ಅಷ್ಟರಲ್ಲಿ ನಿಮ್ಮ ಎರಡು ಮೂರು ದಿನ ಹೋಗಿರುತ್ತದೆ. ಒಪ್ಪಿಸುವಾಗ ಮೂರು ವಿಷಯ ಗಮನಿಸಿ. ಸರಿಯಾದ ಮೈಲ್‌ಸ್ಟೋನ್ ಆರಿಸಿ. ಪೂರ್ತಿ ಕೆಲಸದ ಕಡತವನ್ನೇ ಲಗತ್ತಿಸಿ. ಮೊದಲು ಮೆಸೇಜ್‌ನಲ್ಲಿ ಕಳಿಸಿದ್ದರೂ ಇಲ್ಲಿ ಮತ್ತೆ ಹಾಕಿ, ಯಾಕೆಂದರೆ ನಾಳೆ ವಿವಾದವಾದರೆ ಯಾರಾದರೂ ಮೊದಲು ತೆರೆಯುವುದು ಇಲ್ಲಿನ ಕಡತವನ್ನು. ಮೂರನೆಯದಾಗಿ, ಜೊತೆಗೆ ಬರೆಯುವ ಟಿಪ್ಪಣಿಯಲ್ಲಿ ಏನೇನು ಕೊಟ್ಟಿದ್ದೀರಿ ಎಂದು ಒಪ್ಪಂದದ ಮಾತುಗಳಲ್ಲೇ ಹೇಳಿ. "ಒಪ್ಪಂದದಂತೆ ಎರಡನೇ ಭಾಗದ ಎಲ್ಲ ಪರದೆ ಬರಹಗಳ ಕನ್ನಡ ಅನುವಾದ, ಒಂದು ಎಕ್ಸೆಲ್ ಹಾಳೆಯಲ್ಲಿ. ಇದೇ ಕಡತದ ಪ್ರತಿಯನ್ನು ಮಾರ್ಚ್ 3ರಂದು ಮೆಸೇಜ್‌ನಲ್ಲೂ ಕಳಿಸಿದ್ದೆ" ಎಂದಿದ್ದರೆ ಸಾಕು.

ನಮ್ಮ ಉದಾಹರಣೆಯಲ್ಲಿ ಗುಂಡಿ ಒತ್ತಿದ್ದು ಮಾರ್ಚ್ 20ಕ್ಕೆ. ಹಿಂದಿನ 17 ದಿನಗಳ ಕಾಯುವಿಕೆ ಲೆಕ್ಕಕ್ಕೆ ಬರುವುದಿಲ್ಲ. ಕ್ಲೈಂಟ್ ಸುಮ್ಮನೇ ಇದ್ದರೆ ಪರಿಶೀಲನಾ ಅವಧಿ ಏಪ್ರಿಲ್ 3ಕ್ಕೆ ಮುಗಿಯುತ್ತದೆ. ಅದಾದ ಐದು ದಿನಕ್ಕೆ, ಅಂದರೆ ಏಪ್ರಿಲ್ 8ರ ಹೊತ್ತಿಗೆ ಹಣ ಕೈಗೆ ಸಿಗಬೇಕು. ಮಾರ್ಚ್ 3ರಂದೇ ಗುಂಡಿ ಒತ್ತಿದ್ದರೆ ಇದೇ ಹಣ ಮಾರ್ಚ್ 22ಕ್ಕೆ ಸಿಗುತ್ತಿತ್ತು.

3. ದಿನಗಳನ್ನು ಸರಿಯಾಗಿ ಎಣಿಸಿ

14 ದಿನ ಎಂದರೆ ಕ್ಯಾಲೆಂಡರ್ ದಿನ. ಶನಿವಾರ, ಭಾನುವಾರ, ಹಬ್ಬದ ರಜೆ ಎಲ್ಲವೂ ಸೇರುತ್ತವೆ. ಕ್ಲೈಂಟ್ ಊರಿನಲ್ಲಿ ರಜೆ ಎಂದು ಗಡಿಯಾರ ನಿಲ್ಲುವುದಿಲ್ಲ. ಆದರೆ ನಮ್ಮ ಸಮಯ ಅಂತಾರಾಷ್ಟ್ರೀಯ ಸಮಯಕ್ಕಿಂತ ಐದೂವರೆ ಗಂಟೆ ಮುಂದಿದೆ. ನಿಮ್ಮ ಪಾಲಿಗೆ ಏಪ್ರಿಲ್ 3 ಹುಟ್ಟಿದಾಗ ಅಮೆರಿಕದಲ್ಲಿ ಇನ್ನೂ ಏಪ್ರಿಲ್ 2. ಆದ್ದರಿಂದ ಕೊನೆಯ ದಿನದ ಬೆಳಗ್ಗೆಯೇ ಗಾಬರಿಯಾಗಿ ಬರೆಯಬೇಡಿ. ಪೂರ್ತಿ ಒಂದು ದಿನ ಹೆಚ್ಚಿಗೆ ಬಿಟ್ಟು, ನಂತರವೂ In review ಎಂದೇ ಇದ್ದರೆ ಮುಂದಿನ ಹೆಜ್ಜೆ ಇಡಿ.

ಎಣಿಕೆಯನ್ನು ಬುಡದಿಂದ ಬದಲಿಸುವ ಸಂಗತಿ ಒಂದಿದೆ. ಕ್ಲೈಂಟ್ 14 ದಿನಗಳ ಒಳಗೆ ತಿದ್ದುಪಡಿ ಕೇಳಿ ಗುಂಡಿ ಒತ್ತಿದರೆ ಗಡಿಯಾರ ನಿಲ್ಲುತ್ತದೆ, ಚೆಂಡು ನಿಮ್ಮ ಅಂಗಳಕ್ಕೆ ಬರುತ್ತದೆ. ನೀವು ಮತ್ತೆ ಒಪ್ಪಿಸಿದ ದಿನದಿಂದ ಹೊಸದಾಗಿ 14 ದಿನ. ಈ ತಿದ್ದುಪಡಿಯ ಸೂಚನೆ ಬೇರೆ ಇಮೇಲ್‌ಗಳ ನಡುವೆ ಹೂತುಹೋಗಿ, ನೋಡದೇ ತಿಂಗಳು ಕಾದವರು ಇದ್ದಾರೆ. ಅವರು ಕ್ಲೈಂಟ್ ಮಾತಾಡುತ್ತಿಲ್ಲ ಎಂದುಕೊಂಡಿರುತ್ತಾರೆ, ಕ್ಲೈಂಟ್ ಅವರ ದಾರಿ ಕಾಯುತ್ತಿರುತ್ತಾರೆ. ಒಪ್ಪಂದದ ಪುಟವನ್ನು ತೆರೆದು ಮೈಲ್‌ಸ್ಟೋನ್‌ನ ಇತಿಹಾಸವನ್ನು ಸಾಲು ಸಾಲಾಗಿ ಓದಿ.

ಹೊಸ ಕಾರಣವಿಲ್ಲದೆ ಅದೇ ಕೆಲಸವನ್ನು ಎರಡನೇ ಸಲ ಒಪ್ಪಿಸಲೂ ಹೋಗಬೇಡಿ. ನೆನಪಿಸಬೇಕಿದ್ದರೆ ಮೆಸೇಜ್ ಇದೆ. ದಾಖಲೆಯಲ್ಲಿ ಒಪ್ಪಿಸಿದ ದಿನಾಂಕ ಒಂದೇ ಇರುವುದು ನಿಮಗೆ ಒಳ್ಳೆಯದು.

4. ಕಾಯುವ 14 ದಿನಗಳಲ್ಲಿ ಕ್ಲೈಂಟ್‌ಗೆ ಎರಡು ಸಲ ಬರೆಯಿರಿ

ಏಳನೇ ದಿನ ಒಮ್ಮೆ, ಹನ್ನೆರಡನೇ ದಿನ ಒಮ್ಮೆ. ಅದಕ್ಕಿಂತ ಹೆಚ್ಚು ಬೇಡ. ಎರಡೂ ಅಪ್‌ವರ್ಕ್ ಮೆಸೇಜ್‌ನಲ್ಲೇ ಇರಲಿ. ವಾಟ್ಸ್ಆ್ಯಪ್‌ನಲ್ಲಿ ಮಾತಾಡಿದ್ದು ನಿಜವೇ ಇರಬಹುದು, ಆದರೆ ಅದನ್ನು ಕಂಪನಿಯವರು ತಮ್ಮ ದಾಖಲೆಯಲ್ಲಿ ತೆರೆದು ನೋಡಲು ಆಗುವುದಿಲ್ಲ.

ಬರೆಯುವ ಧಾಟಿಯಲ್ಲಿ ಒಂದು ಎಚ್ಚರ ಬೇಕು. ನಮ್ಮವರು ಮರ್ಯಾದೆಗೆಂದು "ಏನಾದರೂ ಬದಲಿಸಬೇಕಿದ್ದರೆ ದಯವಿಟ್ಟು ಹೇಳಿ, ಎಷ್ಟು ಸಲ ಬೇಕಾದರೂ ಮಾಡಿಕೊಡುತ್ತೇನೆ" ಎಂದು ಬರೆಯುತ್ತಾರೆ. ಒಪ್ಪಂದದಲ್ಲಿ ಎರಡು ಸುತ್ತಿನ ತಿದ್ದುಪಡಿ ಎಂದಿದ್ದರೆ ಎರಡನ್ನು ಖಂಡಿತ ಮಾಡಿಕೊಡಿ. ಮಿತಿಯಿಲ್ಲದ ಭರವಸೆಯನ್ನು ಮಾತ್ರ ಕೊಡಬೇಡಿ. ನಾಳೆ ವಿವಾದದ ಮೇಜಿಗೆ ಬರುವಾಗ ಆ ಒಂದು ಸಾಲು ನಿಮ್ಮ ವಿರುದ್ಧ ನಿಲ್ಲುತ್ತದೆ, ಕೆಲಸ ಮುಗಿದಿಲ್ಲ ಎಂದು ನೀವೇ ಒಪ್ಪಿಕೊಂಡಂತೆ ಕಾಣುತ್ತದೆ. ಬದಲಿಗೆ ಹೀಗೆ ಬರೆಯಿರಿ: "ಎರಡನೇ ಮೈಲ್‌ಸ್ಟೋನ್‌ನ ಕೆಲಸವನ್ನು ಮಾರ್ಚ್ 20ರಂದು ಒಪ್ಪಿಸಿದ್ದೇನೆ. ಪರಿಶೀಲನಾ ಅವಧಿ ಏಪ್ರಿಲ್ 3ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ನೋಡಿ ತಿಳಿಸಿದರೆ ಅನುಕೂಲ."

5. ಈ ಹೊತ್ತಿನಲ್ಲಿ ಒಪ್ಪಂದವನ್ನು ನೀವಾಗಿ ಮುಗಿಸಬೇಡಿ

ಬೇಸರದಲ್ಲಿ ಅಥವಾ "ಮುಗಿಸಿದರೆ ಹಣ ಬೇಗ ಬರಬಹುದು" ಎಂಬ ಎಣಿಕೆಯಲ್ಲಿ ಕೆಲವರು End Contract ಒತ್ತಿಬಿಡುತ್ತಾರೆ. ಇದು ಎಲ್ಲಕ್ಕಿಂತ ದುಬಾರಿ ತಪ್ಪು. ಎಸ್ಕ್ರೋದಲ್ಲಿ ಹಣ ಇರುವಾಗ ಫ್ರೀಲಾನ್ಸರ್ ತಾನೇ ಒಪ್ಪಂದ ಮುಗಿಸಿದರೆ ಆ ಹಣ ಕ್ಲೈಂಟ್‌ಗೆ ವಾಪಸ್ ಹೋಗುತ್ತದೆ. ನೀವು ಕೆಲಸ ಬಿಟ್ಟಿರಿ ಎಂದು ವ್ಯವಸ್ಥೆ ತಿಳಿದುಕೊಳ್ಳುತ್ತದೆ. ಮೌನವಾದ ಕ್ಲೈಂಟ್‌ಗೆ ಹೋದ ಹಣವನ್ನು ಮತ್ತೆ ತರಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ನಿಮಗೇ ಗೊತ್ತು. ಹಣ Available ಆಗುವವರೆಗೆ ಒಪ್ಪಂದ ತೆರೆದೇ ಇರಲಿ.

6. ಸಹಾಯ ವಿಭಾಗಕ್ಕೆ ಮನವಿ

ಅವಧಿ ಮುಗಿದು ಒಂದು ದಿನ ಬಿಟ್ಟ ಮೇಲೂ ಮೈಲ್‌ಸ್ಟೋನ್ In review ಸಾಲಿನಲ್ಲೇ ಇದ್ದರೆ ಬರೆಯುವ ಸಮಯ ಬಂದಿದೆ. ಖಾತೆಗೆ ಲಾಗಿನ್ ಆಗಿಯೇ Help ಪುಟಕ್ಕೆ ಹೋಗಿ. ಹೊರಗಿನ ಇಮೇಲ್‌ನಿಂದ ಬರೆದರೆ ನೀವು ಯಾರು, ಯಾವ ಒಪ್ಪಂದ ಎಂದು ಹುಡುಕುವುದರಲ್ಲೇ ಸಮಯ ಹೋಗುತ್ತದೆ. ಮೊದಲು ಸಿದ್ಧ ಉತ್ತರಗಳ ಚಾಟ್ ಪೆಟ್ಟಿಗೆ ಎದುರಾಗುತ್ತದೆ. ಅಲ್ಲಿ ಪಾವತಿಯ ವಿಷಯವನ್ನು ಆರಿಸಿ, ಉತ್ತರ ಸಾಲದು ಎಂದು ತಿಳಿಸುತ್ತ ಹೋದರೆ ವ್ಯಕ್ತಿಯೊಬ್ಬರಿಗೆ ತಲುಪುವ ದಾರಿ ಸಿಗುತ್ತದೆ. ಸಿಕ್ಕ ಟಿಕೆಟ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಬರೆಯಲು ಕೂರುವ ಮೊದಲು ಇವು ಕೈಯಳತೆಯಲ್ಲಿರಲಿ: ಒಪ್ಪಂದದ ಸಂಖ್ಯೆ, ಮೈಲ್‌ಸ್ಟೋನ್ ಹೆಸರು ಮತ್ತು ಮೊತ್ತ, ಗುಂಡಿ ಒತ್ತಿ ಒಪ್ಪಿಸಿದ ದಿನಾಂಕ, ಕ್ಲೈಂಟ್‌ನ ಕೊನೆಯ ಮೆಸೇಜ್ ದಿನಾಂಕ. ಜೊತೆಗೆ ಎರಡು ಸ್ಕ್ರೀನ್‌ಶಾಟ್: ಒಂದರಲ್ಲಿ ಒಪ್ಪಿಸಿದ ದಿನಾಂಕ ಕಾಣಬೇಕು, ಇನ್ನೊಂದರಲ್ಲಿ ಈಗಲೂ In review ಎಂದಿರುವುದು ಕಾಣಬೇಕು. ಹತ್ತಿಪ್ಪತ್ತು ಚಿತ್ರ ಹಾಕಿದರೆ ಓದುವವರಿಗೆ ಮುಖ್ಯವಾದದ್ದು ಯಾವುದೆಂದೇ ತಿಳಿಯುವುದಿಲ್ಲ.

ಮನವಿಯನ್ನು ಇಂಗ್ಲಿಷ್‌ನಲ್ಲಿ ಬರೆಯಬೇಕಾಗುತ್ತದೆ. ಸರಳ ಇಂಗ್ಲಿಷ್ ಸಾಕು, ಆದರೆ ವಿಷಯದ ಸರಣಿ ಹೀಗಿರಲಿ:

> ವಿಷಯ: 14 ದಿನಗಳ ಪರಿಶೀಲನಾ ಅವಧಿ ಮುಗಿದ ಮೈಲ್‌ಸ್ಟೋನ್‌ನ ಹಣ ಬಿಡುಗಡೆ
>
> ನನ್ನ ಒಪ್ಪಂದದ ಸಂಖ್ಯೆ ಇಂಥದ್ದು. ಇದರ ಎರಡನೇ ಮೈಲ್‌ಸ್ಟೋನ್‌ನ 120 ಡಾಲರ್ ಎಸ್ಕ್ರೋದಲ್ಲಿ ಜಮೆಯಾಗಿದೆ. 2025ರ ಮಾರ್ಚ್ 20ರಂದು Submit Work for Payment ಮೂಲಕ ಪೂರ್ತಿ ಕೆಲಸ ಒಪ್ಪಿಸಿದ್ದೇನೆ. ಅಂದಿನಿಂದ ಕ್ಲೈಂಟ್ ಒಪ್ಪಿಗೆಯನ್ನೂ ಕೊಟ್ಟಿಲ್ಲ, ತಿದ್ದುಪಡಿಯನ್ನೂ ಕೇಳಿಲ್ಲ. ಮಾರ್ಚ್ 27 ಮತ್ತು ಏಪ್ರಿಲ್ 1ರಂದು ಬರೆದ ಮೆಸೇಜ್‌ಗಳಿಗೆ ಉತ್ತರ ಬಂದಿಲ್ಲ. ಪರಿಶೀಲನಾ ಅವಧಿ ಏಪ್ರಿಲ್ 3ಕ್ಕೆ ಮುಗಿದಿದೆ. ಇಂದು ಏಪ್ರಿಲ್ 5, ಮೈಲ್‌ಸ್ಟೋನ್ ಈಗಲೂ In review ಎಂದೇ ತೋರಿಸುತ್ತಿದೆ.
>
> ಎಸ್ಕ್ರೋ ನಿಯಮದಂತೆ ಈ ಮೊತ್ತವನ್ನು ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ. ಏನಾದರೂ ತಡೆ ಇದ್ದರೆ ಅದರ ಕಾರಣ, ನಾನು ಮಾಡಬೇಕಾದದ್ದು ಮತ್ತು ಅದಕ್ಕಿರುವ ಕೊನೆಯ ದಿನಾಂಕವನ್ನು ತಿಳಿಸಿ.

ಕೊನೆಯ ವಾಕ್ಯವನ್ನು ಬಿಡಬೇಡಿ. "ಯಾಕೆ ಬಂದಿಲ್ಲ?" ಎಂದಷ್ಟೇ ಕೇಳಿದರೆ "ಪರಿಶೀಲನೆಯಲ್ಲಿದೆ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಕಾರಣ, ಕ್ರಮ, ದಿನಾಂಕ ಈ ಮೂರನ್ನೂ ಬಿಡಿಬಿಡಿಯಾಗಿ ಕೇಳಿದಾಗ ಉತ್ತರಿಸುವವರು ಖಾತೆಯ ಒಳಗೆ ಇಣುಕಿ ನೋಡಲೇಬೇಕಾಗುತ್ತದೆ.

ಮನೆಯ ಕಷ್ಟ, ಬಾಡಿಗೆ, ಇಎಂಐ ಇವನ್ನು ಬರೆಯಬೇಡಿ. ನಿಮ್ಮ ಕಷ್ಟ ಸುಳ್ಳೆಂದಲ್ಲ. ಆದರೆ ಅದನ್ನು ಓದಿ ಹಣ ಬಿಡುವ ಅಧಿಕಾರ ಆ ಕುರ್ಚಿಯಲ್ಲಿ ಕೂತವರಿಗೆ ಇಲ್ಲ, ದಿನಾಂಕ ನೋಡಿ ಬಿಡುವ ಅಧಿಕಾರ ಇದೆ. "ಕ್ಲೈಂಟ್ ಮೋಸಗಾರ" ಎಂದೂ ಬರೆಯಬೇಡಿ. ಹಾಗೆ ಬರೆದ ಕೂಡಲೇ ವಿಷಯ ಗಡುವಿನಿಂದ ಜಾರಿ ಜಗಳಕ್ಕೆ ಹೋಗುತ್ತದೆ. ಒಂದೇ ವಿಷಯಕ್ಕೆ ದಿನಕ್ಕೊಂದು ಹೊಸ ಟಿಕೆಟ್ ತೆರೆಯುವುದೂ ಬೇಡ. ಮೊದಲ ಟಿಕೆಟ್‌ನಲ್ಲೇ ಮುಂದುವರಿಸಿದರೆ ಹಿಂದಿನದೆಲ್ಲ ಒಂದೇ ಕಡೆ ಇರುತ್ತದೆ.

7. ಬರುವ ಉತ್ತರವನ್ನು ಓದುವುದು

"ಹಣ ಭದ್ರತಾ ಅವಧಿಯಲ್ಲಿದೆ" ಎಂದರೆ ನೀವು ಗೆದ್ದಿದ್ದೀರಿ, ಐದು ದಿನ ಕಾಯಿರಿ.

"ಈ ಮೈಲ್‌ಸ್ಟೋನ್‌ಗೆ ಹಣ ಕಟ್ಟಿಲ್ಲ" ಎಂದರೆ ಬಿಡುಗಡೆ ಮಾಡಲು ಅಲ್ಲಿ ಏನೂ ಇಲ್ಲ. ನಮ್ಮ ಉದಾಹರಣೆಯ ಮೂರನೇ ಕಂತು ಇಂಥದ್ದು. 14 ದಿನಗಳ ನಿಯಮ ಜಮೆಯಾದ ಹಣಕ್ಕೆ ಮಾತ್ರ. ಖಾಲಿ ಪೆಟ್ಟಿಗೆಗೆ ಗಡುವು ಇರುವುದಿಲ್ಲ. ಅರ್ಧ ಮಾಡಿದ ಆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಕಡತವನ್ನು ಕಳಿಸದೆ ನಿಮ್ಮ ಬಳಿ ಇಟ್ಟುಕೊಳ್ಳಿ, ಹಣ ಕಟ್ಟಿದರೆ ಮುಂದುವರಿಸುವುದಾಗಿ ಮೆಸೇಜ್ ಮಾಡಿ. ಎರಡನೇ ಕಂತಿನ ಮನವಿಯಲ್ಲಿ ಈ 80 ಡಾಲರ್‌ನ ಮಾತನ್ನು ಎತ್ತಬೇಡಿ, ಸ್ಪಷ್ಟವಾಗಿರುವ ವಿಷಯಕ್ಕೆ ಅಸ್ಪಷ್ಟವಾದುದನ್ನು ಗಂಟು ಹಾಕಿದಂತಾಗುತ್ತದೆ.

"ಕ್ಲೈಂಟ್ ಖಾತೆಯನ್ನು ತಡೆಹಿಡಿಯಲಾಗಿದೆ" ಅಥವಾ "ಪಾವತಿಯ ಬಗ್ಗೆ ವಿಚಾರಣೆ ಇದೆ" ಎಂಬ ಉತ್ತರವೂ ಬರಬಹುದು. ಕ್ಲೈಂಟ್ ಬಳಸಿದ ಕಾರ್ಡ್ ಬೇರೆಯವರದಾಗಿದ್ದರೆ, ಅಥವಾ ಕಾರ್ಡ್‌ನ ಬ್ಯಾಂಕಿಗೆ ಹೇಳಿ ಕಟ್ಟಿದ ಹಣವನ್ನು ವಾಪಸ್ ಎಳೆಸಿಕೊಂಡಿದ್ದರೆ ಹೀಗಾಗುತ್ತದೆ. ಇಂಥ ವಾಪಸಾತಿಯನ್ನು ಚಾರ್ಜ್‌ಬ್ಯಾಕ್ ಎನ್ನುತ್ತಾರೆ. ಆಗ ದಿನಾಂಕದ ವಾದ ಒಂದೇ ಸಾಲದು. ಕೆಲಸ ನಿಜವಾಗಿಯೂ ನಡೆದಿದೆ ಎಂದು ತೋರಿಸಬೇಕು: ಮೂಲ ಕಡತ, ನಡುವಿನ ಕರಡುಗಳು, ಕ್ಲೈಂಟ್ ಜೊತೆಗಿನ ಮೆಸೇಜ್‌ಗಳು. ಕೇಳಿದ್ದನ್ನು ಮಾತ್ರ, ಕೇಳಿದ ದಿನದೊಳಗೆ ಕಳಿಸಿ.

ಎಲ್ಲಕ್ಕಿಂತ ಎಚ್ಚರದಿಂದ ನೋಡಬೇಕಾದ ಉತ್ತರ ಇನ್ನೊಂದು: "ಕ್ಲೈಂಟ್ ಒಪ್ಪಂದ ಮುಗಿಸಿ ಎಸ್ಕ್ರೋ ಹಣವನ್ನು ವಾಪಸ್ ಕೇಳಿದ್ದಾರೆ." ಇಲ್ಲಿ ಗಡಿಯಾರ ನಿಮ್ಮ ವಿರುದ್ಧ ಓಡುತ್ತದೆ. ಒಪ್ಪುತ್ತೀರೋ, ವಿರೋಧಿಸುತ್ತೀರೋ ಎಂದು ತಿಳಿಸಲು ನಿಮಗಿರುವುದು 7 ದಿನ. ಏನೂ ಮಾಡದಿದ್ದರೆ ಹಣ ಕ್ಲೈಂಟ್‌ಗೆ ಹೋಗುತ್ತದೆ. ಮೌನವಾಗಿದ್ದ ಕ್ಲೈಂಟ್ ಮಾತಾಡದೆಯೇ ಈ ಒಂದು ಗುಂಡಿ ಒತ್ತಿರಬಹುದು, ಆದ್ದರಿಂದ ಕಾಯುವ ದಿನಗಳಲ್ಲಿ ಒಪ್ಪಂದದ ಪುಟವನ್ನು ದಿನ ಬಿಟ್ಟು ದಿನವಾದರೂ ತೆರೆದು ನೋಡಿ. ಸ್ಪ್ಯಾಮ್ ಪೆಟ್ಟಿಗೆಯನ್ನೂ ನೋಡಿ. ಅಂಥ ಕೋರಿಕೆ ಕಂಡರೆ ಅಂದೇ ವಿರೋಧ ದಾಖಲಿಸಿ.

ಕೆಲಸವನ್ನು ಕ್ರಮವಾಗಿ ಒಪ್ಪಿಸದೆ ತಿಂಗಳುಗಟ್ಟಲೆ ಬಿಟ್ಟವರಿಗೆ ಮತ್ತೊಂದು ಗಂಡಾಂತರ ಇದೆ. 90 ದಿನ ಯಾವ ಚಟುವಟಿಕೆಯೂ ಇಲ್ಲದ ಒಪ್ಪಂದವನ್ನು ನಿಷ್ಕ್ರಿಯ ಎಂದು ಪರಿಗಣಿಸಿ, ಎಸ್ಕ್ರೋದಲ್ಲಿ ಉಳಿದ ಹಣವನ್ನು ವಿಲೇವಾರಿ ಮಾಡಲು ಕಂಪನಿ ಸೂಚನೆ ಕಳಿಸುತ್ತದೆ. ಆ ಸೂಚನೆಗೆ ನೀವು ಗಡುವಿನೊಳಗೆ ಉತ್ತರಿಸಿ ಹಣ ಕೇಳದಿದ್ದರೆ ಅದು ಕ್ಲೈಂಟ್‌ನತ್ತ ಹೊರಳುತ್ತದೆ.

8. ವಿವಾದದವರೆಗೆ ಹೋದರೆ

ನೀವು ವಿರೋಧ ದಾಖಲಿಸಿದ ಮೇಲೆ ಮೊದಲು ನಡೆಯುವುದು ಮಧ್ಯಸ್ಥಿಕೆ. ಕಂಪನಿಯವರು ಎರಡೂ ಕಡೆ ಕೇಳಿ ಒಂದು ಪರಿಹಾರ ಸೂಚಿಸುತ್ತಾರೆ. ಅದನ್ನು ಒಪ್ಪಲೇಬೇಕೆಂದಿಲ್ಲ. ಒಪ್ಪದಿದ್ದರೆ ಉಳಿಯುವುದು ಪಂಚಾಯ್ತಿಯಂಥ ಆರ್ಬಿಟ್ರೇಷನ್, ಅದನ್ನು ಹೊರಗಿನ ಸಂಸ್ಥೆ ನಡೆಸುತ್ತದೆ, ಭಾಗವಹಿಸುವವರು ಶುಲ್ಕ ಕಟ್ಟಬೇಕು. ಆ ಶುಲ್ಕ ನೂರಾರು ಡಾಲರ್‌ಗಳದ್ದು. 120 ಡಾಲರ್‌ಗಾಗಿ ಅಲ್ಲಿಗೆ ಹೋಗುವುದು ಅಸಲಿಗಿಂತ ಬಡ್ಡಿ ದೊಡ್ಡದಾದಂತೆ. ಒಂದೂವರೆ ಎರಡು ಸಾವಿರ ಡಾಲರ್‌ನ ಕಂತಾದರೆ ಯೋಚಿಸಬಹುದು. ಚಿಕ್ಕ ಮೊತ್ತವಿದ್ದು ಮಧ್ಯಸ್ಥಿಕೆಯಲ್ಲಿ ಮುಕ್ಕಾಲು ಪಾಲು ಸಿಗುವಂತಿದ್ದರೆ ಒಪ್ಪಿಕೊಳ್ಳುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

9. ನೀವು ಕಂಗಾಲಾಗಿರುವಾಗ ಬರುವ ಕಳ್ಳರು

ಹಣ ಸಿಕ್ಕಿಕೊಂಡಿದೆ ಎಂದು ಫೇಸ್‌ಬುಕ್ ಗುಂಪಿನಲ್ಲೋ ಟೆಲಿಗ್ರಾಂನಲ್ಲೋ ಬರೆದುಕೊಂಡರೆ, "ನಾನು ಅಪ್‌ವರ್ಕ್ ಸಹಾಯ ವಿಭಾಗದವನು, 30 ಡಾಲರ್ ಕಟ್ಟಿದರೆ ಇವತ್ತೇ ಬಿಡುಗಡೆ ಮಾಡಿಸುತ್ತೇನೆ" ಎಂದು ಯಾರಾದರೂ ಬಂದೇ ಬರುತ್ತಾರೆ. ಎಸ್ಕ್ರೋ ಹಣದ ಬಿಡುಗಡೆಗೆ ಶುಲ್ಕ ಎಂಬುದೇ ಇಲ್ಲ. ಕಂಪನಿ ತನ್ನ ಸೇವಾ ಶುಲ್ಕವನ್ನು ನಿಮ್ಮ ಗಳಿಕೆಯಿಂದಲೇ ಕಳೆದುಕೊಳ್ಳುತ್ತದೆ, ಮುಂಗಡವಾಗಿ ಯುಪಿಐ ಮಾಡಿ ಎನ್ನುವುದಿಲ್ಲ. ಒಟಿಪಿ, ಪಾಸ್‌ವರ್ಡ್, ಸ್ಕ್ರೀನ್ ಹಂಚಿಕೆ ಕೇಳಿದರೂ ಅದು ಕಳ್ಳರೇ. ಈಗಾಗಲೇ ಹಣ ಕೊಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, cybercrime.gov.in ನಲ್ಲಿ ದೂರು ಕೊಡಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಕಳ್ಳರ ಖಾತೆಯಲ್ಲಿ ಹಣವನ್ನು ತಡೆಯುವ ಸಾಧ್ಯತೆ ಹೆಚ್ಚು.

10. ಹಣ ಬಂದ ಮೇಲೆ

ಕೊನೆಗೂ 120 ಡಾಲರ್, ಸೇವಾ ಶುಲ್ಕ ಕಳೆದು, Available ಸಾಲಿಗೆ ಬಂತು ಎಂದುಕೊಳ್ಳಿ. ಬ್ಯಾಂಕಿಗೆ ಕಳಿಸಿಕೊಳ್ಳಿ, ಆದರೆ ಕಡತಗಳನ್ನು ಅಳಿಸಬೇಡಿ. ಕೊನೆಯ ಬಿಡುಗಡೆಯಾದ 30 ದಿನಗಳ ಒಳಗೆ ಕ್ಲೈಂಟ್ ಎಚ್ಚೆತ್ತು ವಿವಾದ ಹೂಡಬಹುದು. ಕಾರ್ಡ್‌ನ ಚಾರ್ಜ್‌ಬ್ಯಾಕ್ ಅದಕ್ಕಿಂತ ತಡವಾಗಿಯೂ ಬರಬಹುದು. ಒಪ್ಪಿಸಿದ ಕಡತ, ಕರಡುಗಳು, ಎರಡು ಸ್ಕ್ರೀನ್‌ಶಾಟ್, ಟಿಕೆಟ್ ಸಂಖ್ಯೆ ಇವನ್ನು ಒಂದು ಫೋಲ್ಡರ್‌ನಲ್ಲಿ ಹಾಕಿ, ಒಪ್ಪಂದದ ಸಂಖ್ಯೆಯನ್ನೇ ಅದಕ್ಕೆ ಹೆಸರಿಡಿ. ಮೂರನೇ ಕಂತಿಗೆ ಹಣ ಕಟ್ಟಿಲ್ಲದಿದ್ದರೆ ಈಗ ಒಪ್ಪಂದವನ್ನು ನೀವೇ ಮುಗಿಸಬಹುದು, ಎಸ್ಕ್ರೋದಲ್ಲಿ ವಾಪಸ್ ಹೋಗುವಂಥದ್ದು ಇನ್ನೇನೂ ಇಲ್ಲ.